ನಾಲ್ಕು ನಿಮಿಷದಲ್ಲಿ ಹತ್ತು ಪಟ್ಟು

ಎಥೀರಿಯಂನಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ನೇರವಾಗಿ ಈಥರ್ ಕಳಿಸಲು 21,000 ಯೂನಿಟ್ ಗ್ಯಾಸ್ ಬೇಕು. ಮೊತ್ತ ನೂರು ರೂಪಾಯಿಯದಿರಲಿ, ಕೋಟಿಯದಿರಲಿ, ಲೆಕ್ಕ ಅಷ್ಟೇ. ಗ್ಯಾಸ್ ಅಳೆಯುವುದು ಕಂಪ್ಯೂಟರುಗಳ ಕೆಲಸವನ್ನು, ಹಣವನ್ನಲ್ಲ. ಏರಿಳಿಯುವುದು ಯೂನಿಟ್ಟಿನ ದರ. ಅದನ್ನು ಈಥರ್‌ನ ನೂರು ಕೋಟಿಯಲ್ಲೊಂದು ಪಾಲಾದ ಗ್ವೇಯಲ್ಲಿ ಹೇಳುತ್ತಾರೆ. ದರ 20 ಗ್ವೇ ಇದ್ದರೆ ಶುಲ್ಕ 0.00042 ಈಥರ್.

12 ಸೆಕೆಂಡಿಗೊಂದು ಬ್ಲಾಕ್ ಬರುತ್ತದೆ, ಅದರಲ್ಲಿ ಜಾಗ ಸೀಮಿತ. 2021ರ ಆಗಸ್ಟ್‌ನಿಂದ ಜಾರಿಯಲ್ಲಿರುವ ನಿಯಮದಂತೆ, ಬ್ಲಾಕ್ ಅರ್ಧಕ್ಕಿಂತ ಹೆಚ್ಚು ತುಂಬಿದರೆ ಮುಂದಿನದರ ಮೂಲದರ ಏರುತ್ತದೆ. ಪೂರ್ತಿ ತುಂಬಿದರೆ ಶೇ 12.5ರಷ್ಟು. ಸಣ್ಣ ಏರಿಕೆಯೆನಿಸಬಹುದು. ಆದರೆ ಸತತ 20 ಬ್ಲಾಕ್ ತುಂಬಿದರೆ, ಅಂದರೆ ನಾಲ್ಕೇ ನಿಮಿಷದಲ್ಲಿ, ದರ ಹತ್ತು ಪಟ್ಟು ದಾಟುತ್ತದೆ. ವ್ಯವಹಾರ ನಡುವೆ ವಿಫಲವಾದರೂ ಅಲ್ಲಿಯವರೆಗೆ ಉರಿದ ಗ್ಯಾಸಿನ ಹಣ ವಾಪಸ್ ಬರುವುದಿಲ್ಲ. ಹೊಸಬರಿಗೆ ಹೆಚ್ಚು ನೋವು ಕೊಡುವುದು ಇದೇ.

ರೋಲಪ್‌ಗಳು ಈ ಜಾಗವನ್ನು ಹಂಚಿಕೊಳ್ಳುತ್ತವೆ. ಆರ್ಬಿಟ್ರಮ್, ಆಪ್ಟಿಮಿಸಂನಂಥವು ನೂರಾರು ವ್ಯವಹಾರಗಳನ್ನು ತಮ್ಮಲ್ಲೇ ನಡೆಸಿ, ಅವುಗಳ ದತ್ತಾಂಶವನ್ನು ಕುಗ್ಗಿಸಿ, ಒಂದೇ ಮೂಟೆಯಾಗಿ ಎಥೀರಿಯಂಗೆ ಒಪ್ಪಿಸುತ್ತವೆ. ಮೂಟೆಯ ಬಾಡಿಗೆ ಎಲ್ಲರ ನಡುವೆ ಹಂಚಿಹೋಗುತ್ತದೆ. 2024ರ ಮಾರ್ಚ್‌ನಲ್ಲಿ ಇಂಥ ಮೂಟೆಗಳಿಗೆಂದೇ ‘ಬ್ಲಾಬ್’ ಎಂಬ ಪ್ರತ್ಯೇಕ ಜಾಗ ಬಂತು. ಸುಮಾರು 18 ದಿನಗಳ ನಂತರ ಅಳಿಸಬಹುದಾದ್ದರಿಂದ ಅದು ಅಗ್ಗ.

ಇದಕ್ಕೊಂದು ಮಿತಿಯಿದೆ. ಈ ಎರಡರಿಂದಲೂ ಅಧಿಕೃತ ಸೇತುವೆಯ ಮೂಲಕ ಹಣವನ್ನು ಎಥೀರಿಯಂಗೆ ಮರಳಿ ತರಲು ಸುಮಾರು ಏಳು ದಿನ ಕಾಯಬೇಕು. ಸುಳ್ಳು ಲೆಕ್ಕ ಒಪ್ಪಿಸಿದ್ದರೆ ಯಾರಾದರೂ ಅದನ್ನು ಪ್ರಶ್ನಿಸಲು ಇಟ್ಟಿರುವ ಅವಧಿಯದು.