ಬೆಲೆ ಏರಿದರೂ ಒಪ್ಪಿಗೆ ಪಡೆದ ವಿಲೀನ

ತಪ್ಪು ಕಲ್ಪನೆ: ಕಂಪನಿಗಳು ಒಂದಾಗಿ ಬೆಲೆ ಏರಿಸಿದರೆ, ಗ್ರಾಹಕರು ತೆತ್ತ ಹೆಚ್ಚುವರಿ ಹಣವೆಲ್ಲ ದೇಶಕ್ಕೆ ನಷ್ಟ.

ಸತ್ಯ: ಆ ಹಣ ಮಾಯವಾಗುವುದಿಲ್ಲ, ಗ್ರಾಹಕರ ಜೇಬಿನಿಂದ ಕಂಪನಿಯ ಜೇಬಿಗೆ ಹೋಗುತ್ತದೆ. ದೇಶದ ಲೆಕ್ಕದಲ್ಲಿ ಕಳೆದುಹೋಗುವುದು, ದುಬಾರಿಯಾಯಿತೆಂದು ಜನ ಕೊಳ್ಳದೇ ಬಿಟ್ಟ ಸರಕಿನ ಪ್ರಯೋಜನ. ವಿಲೀನದಿಂದ ಆಗುವ ವೆಚ್ಚದ ಉಳಿತಾಯವನ್ನು ಇದರೆದುರು ತೂಗಬೇಕೆಂದು 1968ರಲ್ಲಿ ಅರ್ಥಶಾಸ್ತ್ರಜ್ಞ ಆಲಿವರ್ ವಿಲಿಯಮ್ಸನ್ ತೋರಿಸಿದರು.

ಒಂದು ಕಾಲ್ಪನಿಕ ಲೆಕ್ಕ ನೋಡೋಣ. ತಯಾರಿಕೆಯ ವೆಚ್ಚ 100 ರೂಪಾಯಿ, ಬೆಲೆಯೂ 100, ಮಾರಾಟ 1000. ವಿಲೀನದ ನಂತರ ಬೆಲೆ 108 ಆಗಿ, ಮಾರಾಟ 920ಕ್ಕೆ ಇಳಿಯಿತು. ಕೊಳ್ಳದೇ ಬಿಟ್ಟವು 80. ಅವುಗಳ ಮೇಲಿನ ನಷ್ಟ ಸರಾಸರಿ 4 ರೂಪಾಯಿಯಂತೆ 320. ಉಳಿದ 920ರ ಮೇಲೆ ತಲಾ 35 ಪೈಸೆ ವೆಚ್ಚ ಉಳಿದರೆ ಸಾಕು, ತಕ್ಕಡಿ ಸಮವಾಗುತ್ತದೆ! ಗ್ರಾಹಕರಿಂದ ಕಂಪನಿಗೆ ಹೋದ 7,360 ರೂಪಾಯಿ ಈ ತೂಕದಲ್ಲಿ ಬರುವುದೇ ಇಲ್ಲ.

ತಪ್ಪು ಕಲ್ಪನೆ: ಹಾಗಾದರೆ ಚಿಲ್ಲರೆ ಉಳಿತಾಯ ತೋರಿಸಿದರೂ ವಿಲೀನ ಸರಿ.

ಸತ್ಯ: ಮೊದಲಿಗೆ ಬೆಲೆಯೂ ವೆಚ್ಚವೂ ಒಂದೇ ಎಂದಿಟ್ಟುಕೊಂಡಿದ್ದೆವು. ಕಂಪನಿಗಳಿಗೆ ಮಾರುಕಟ್ಟೆಯ ಮೇಲೆ ಮೊದಲೇ ಹಿಡಿತವಿದ್ದು ವೆಚ್ಚ 90 ಆಗಿದ್ದರೆ, ಕೈತಪ್ಪಿದ 80ರ ಮೇಲೆ ತಲಾ 10 ರೂಪಾಯಿ ಕೂಡ ಹೋಗುತ್ತದೆ. ನಷ್ಟ 1,120ಕ್ಕೇರಿ, ತಲಾ ಸುಮಾರು 1.22 ರೂಪಾಯಿ ಉಳಿಯಬೇಕಾಗುತ್ತದೆ. ವಿಲೀನವಿಲ್ಲದೆಯೂ ಸಾಧ್ಯವಿದ್ದ ಉಳಿತಾಯವನ್ನಂತೂ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಕಂಪನಿಗಳ ಕಾಗದದ ಮೇಲೆ ಅದೇ ಹೆಚ್ಚಿರುತ್ತದೆ ಎಂಬುದು ನನ್ನ ಅನುಮಾನ.

ತಪ್ಪು ಕಲ್ಪನೆ: ಇದೆಲ್ಲ ಪುಸ್ತಕದ ಬದನೆಕಾಯಿ.

ಸತ್ಯ: ಕೆನಡಾದಲ್ಲಿ ಇದು ಕಾನೂನೇ ಆಗಿತ್ತು. 1998ರಲ್ಲಿ ಸುಪೀರಿಯರ್ ಪ್ರೊಪೇನ್ ಎಂಬ ಅನಿಲ ಕಂಪನಿ ಪ್ರತಿಸ್ಪರ್ಧಿ ಐಸಿಜಿಯನ್ನು ಕೊಂಡಿತು. ಎರಡೂ ಸೇರಿ ದೇಶದ ಪ್ರೊಪೇನ್ ಮಾರುಕಟ್ಟೆಯ ಸುಮಾರು ಶೇಕಡಾ 70 ಹಿಡಿದವು. ವರ್ಷಕ್ಕೆ ಆಗುವ ಉಳಿತಾಯವನ್ನು ಸ್ಪರ್ಧಾ ನ್ಯಾಯಮಂಡಳಿ 2.92 ಕೋಟಿ ಡಾಲರ್ ಎಂದಿತು, ನಷ್ಟವನ್ನು ಸುಮಾರು 30 ಲಕ್ಷ ಎಂದಿತು. ಗ್ರಾಹಕರಿಂದ ಹೋಗುವ ಮೊತ್ತ ಸುಮಾರು 4 ಕೋಟಿ ಡಾಲರ್ ಎಂಬ ಅಂದಾಜಿದ್ದರೂ ವಿಲೀನಕ್ಕೆ ಅಡ್ಡಿ ಬರಲಿಲ್ಲ. ಆ ಹಣವನ್ನೂ ಪರಿಗಣಿಸಿ ಎಂದು ಮೇಲ್ಮನವಿ ನ್ಯಾಯಾಲಯ 2001ರಲ್ಲಿ ಪ್ರಕರಣ ಹಿಂದಿರುಗಿಸಿತು. ನ್ಯಾಯಮಂಡಳಿ ಬಡ ಕುಟುಂಬಗಳಿಂದ ಹೋಗುವ ಸಣ್ಣ ಪಾಲನ್ನಷ್ಟೇ ಹಾನಿಯೆಂದು ಎಣಿಸಿ ಮತ್ತೆ ಒಪ್ಪಿತು. ತಕ್ಕಡಿಯಲ್ಲಿ ಯಾವುದನ್ನು ಹಾಕಬೇಕು ಎನ್ನುವುದು ಅರ್ಥಶಾಸ್ತ್ರ ಬಿಡಿಸದ ಪ್ರಶ್ನೆ, ಅದನ್ನು ಶಾಸನಸಭೆಯೇ ತೀರ್ಮಾನಿಸಬೇಕು. ಉಳಿತಾಯ ಹೆಚ್ಚಿದ್ದರೆ ವಿಲೀನವನ್ನು ಒಪ್ಪುವ ಆ ವಿನಾಯಿತಿಯನ್ನು ಕೆನಡಾ 2023ರ ಡಿಸೆಂಬರ್‌ನಲ್ಲಿ ಕಾನೂನಿನಿಂದಲೇ ತೆಗೆದುಹಾಕಿತು. ಭಾರತದ 2002ರ ಸ್ಪರ್ಧಾ ಕಾಯ್ದೆಯಲ್ಲಿ ಮಾತ್ರ ವಿಲೀನದ ಲಾಭ ಹಾನಿಗಿಂತ ಹೆಚ್ಚೇ ಎಂಬುದು ಪರಿಶೀಲಿಸಬೇಕಾದ ಹಲವು ಅಂಶಗಳಲ್ಲಿ ಒಂದಾಗಿ ಉಳಿದಿದೆ.