ಏರಿಯಾ ಕೇಳುವಾಗ ಟಾರ್ಗೆಟ್ ಲೆಕ್ಕ

ಒಂದು ಪ್ರದೇಶದಲ್ಲಿ ಒಬ್ಬನೇ ವಿತರಕ ಎಂದು ತಯಾರಕ ಕಂಪನಿ ಒಪ್ಪಿಕೊಂಡರೆ ಅಲ್ಲಿನ ವ್ಯಾಪಾರವನ್ನೆಲ್ಲ ಅವನ ಕೈಗೆ ಒಪ್ಪಿಸಿದಂತೆ. ಅವನು ಸುಮ್ಮನೆ ಕೂತರೆ ಕಂಪನಿಗೆ ಬೇರೆ ದಾರಿಯಿಲ್ಲ. ಆದ್ದರಿಂದಲೇ ಏಕೈಕ ಹಕ್ಕು ಕೊಡುವ ಕಂಪನಿ, ವರ್ಷಕ್ಕೆ ಕನಿಷ್ಠ ಇಷ್ಟು ಮಾಲು ಎತ್ತಲೇಬೇಕು ಎನ್ನುತ್ತದೆ. ವ್ಯಾಪಾರಿಗಳ ಮಾತಿನಲ್ಲಿ ಮೊದಲನೆಯದು ಏರಿಯಾ, ಎರಡನೆಯದು ಟಾರ್ಗೆಟ್. ಇವೆರಡನ್ನೂ ಬೇರೆ ಬೇರೆಯಾಗಿ ಮಾತಾಡಿ ಮುಗಿಸಿದ ವಿತರಕರೇ ಹೆಚ್ಚಾಗಿ ಸಿಕ್ಕಿಬೀಳುತ್ತಾರೆ.

ಹುಬ್ಬಳ್ಳಿಯ ವಿತರಕರೊಬ್ಬರು ಹೊಸ ಬ್ರ್ಯಾಂಡಿನ ಪಂಪ್‌ಸೆಟ್‌ಗೆ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಹಕ್ಕು ಕೇಳುತ್ತಾರೆ, ಕಂಪನಿ ಮೊದಲ ವರ್ಷವೇ 1,500 ಪಂಪ್ ಎನ್ನುತ್ತದೆ ಎಂದಿಟ್ಟುಕೊಳ್ಳೋಣ. ಇಲ್ಲಿ ಚೌಕಾಶಿಗೆ ಮೊದಲು ಬೇಕಾದದ್ದು ಅಂಗಡಿಗಳ ಎಣಿಕೆ. ಮೂರೂ ಜಿಲ್ಲೆಗಳಲ್ಲಿ ಪಂಪ್ ಮಾರುವ ಅಂಗಡಿ 90, ಎಲ್ಲ ಬ್ರ್ಯಾಂಡೂ ಸೇರಿ ಒಂದೊಂದರಲ್ಲಿ ತಿಂಗಳಿಗೆ ಸರಾಸರಿ 6 ಪಂಪ್ ಹೋಗುತ್ತದೆ ಎಂದಾದರೆ, ವರ್ಷದ ಒಟ್ಟು ಮಾರಾಟ 6,480. ಹೊಸ ಹೆಸರನ್ನು ಮೊದಲ ವರ್ಷ ಮೂರರಲ್ಲೊಂದು ಅಂಗಡಿ ಇಟ್ಟುಕೊಂಡರೆ ಅದೇ ದೊಡ್ಡದು. ಆ 30 ಅಂಗಡಿಗಳ ಮಾರಾಟದಲ್ಲಿ ಕಾಲು ಭಾಗ ದಕ್ಕಿದರೆ 540 ಪಂಪ್. ಹಾಗಾಗಿ ಮೊದಲ ವರ್ಷ 600, ಎರಡನೆಯ ವರ್ಷ 900, ಮೂರನೆಯ ವರ್ಷ 1,300 ಎಂಬ ಮೆಟ್ಟಿಲನ್ನು ವಿತರಕರು ಮುಂದಿಡಬಹುದು. ಕಂಪನಿ ಒಪ್ಪದಿದ್ದರೆ ಮೊದಲು ಕುಗ್ಗಿಸಬೇಕಾದದ್ದು ಏರಿಯಾವನ್ನು. ಎರಡು ಜಿಲ್ಲೆಗಷ್ಟೇ ಹಕ್ಕು ಪಡೆದು, ಮೂರನೆಯದನ್ನು ಮುಂದಿನ ವರ್ಷಕ್ಕೆ ಬಿಡಬಹುದು.

ದೊಡ್ಡ ಅಂಕಿಗೆ ಹೂಂ ಎಂದರೆ ಏನಾಗುತ್ತದೆ? ಪಂಪಿಗೆ 12,000 ರೂಪಾಯಿ, ಮಾರ್ಜಿನ್ ಶೇಕಡ 8 ಎಂದುಕೊಂಡರೆ, 600 ಪಂಪ್ ಮಾರಿದ್ದರಿಂದ ಬರುವುದು 5.76 ಲಕ್ಷ. ಟಾರ್ಗೆಟ್ ತುಂಬಿಸಲು ಎತ್ತಿದ ಉಳಿದ 900 ಪಂಪ್‌ಗಳಲ್ಲಿ 1.08 ಕೋಟಿ ರೂಪಾಯಿ ಗೋದಾಮಿನಲ್ಲಿ ಕೂತಿರುತ್ತದೆ. ಅದು ಇನ್ನೊಂದು ವರ್ಷ ಹಾಗೇ ಉಳಿದರೆ ಶೇಕಡ 12ರಂತೆ ಬಡ್ಡಿಯೇ ಸುಮಾರು 13 ಲಕ್ಷ. ಇಂಥ ಸ್ಥಿತಿಯ ಮೊದಲ ಗುರುತು ಮಾರ್ಚ್ ಕೊನೆಯ ವಾರದಲ್ಲಿ ಸಿಗುತ್ತದೆ: ಕಂಪನಿಯ ಬಿಲ್ಲುಗಳು ಒಮ್ಮೆಲೇ ಏರುತ್ತವೆ, ವಿತರಕರಿಂದ ಅಂಗಡಿಗೆ ಹೋಗುವ ಬಿಲ್ಲುಗಳು ಏರುವುದಿಲ್ಲ.

ಟಾರ್ಗೆಟನ್ನು ರೂಪಾಯಿಯಲ್ಲಿ ಬರೆಯಬೇಕೋ ಸಂಖ್ಯೆಯಲ್ಲೋ ಎಂಬುದು ಸಣ್ಣ ವಿಷಯವಲ್ಲ. ಸಂಖ್ಯೆಯಲ್ಲಿ ಬರೆದರೆ ಬೆಲೆ ಬದಲಾದರೂ ಗುರಿ ಬದಲಾಗದು. ಪಂಪ್ ಮಾರಾಟ ಬೇಸಿಗೆಯಲ್ಲಿ ಜೋರು, ಮಳೆಗಾಲದಲ್ಲಿ ಮಂದ. ವರ್ಷದ ಗುರಿಯನ್ನು ನಾಲ್ಕು ಸಮಭಾಗ ಮಾಡಿದರೆ ಜುಲೈ–ಸೆಪ್ಟೆಂಬರ್ ಸೋಲು ಮೊದಲೇ ಬರೆದಿಟ್ಟಂತೆ. ಇದಕ್ಕಿಂತಲೂ ಮುಖ್ಯವಾದ ಮಾತೊಂದಿದೆ: ಆರ್ಡರ್ ಹಾಕಿ ಹಣ ಕಟ್ಟಿದ ಮೇಲೂ ಕಂಪನಿ ಸಕಾಲಕ್ಕೆ ಮಾಲು ಕಳಿಸದಿದ್ದರೆ, ಆ ಪಂಪ್‌ಗಳೂ ಟಾರ್ಗೆಟ್‌ಗೆ ಜಮೆಯಾಗಬೇಕು.

ಏರಿಯಾದ ಮಾತೂ ಅಷ್ಟೇ ಬಿಗಿಯಾಗಿರಬೇಕು. ‘ಉತ್ತರ ಕರ್ನಾಟಕ’ ಎಂದು ಬರೆದರೆ ಸಾಲದು, ತಾಲೂಕುಗಳ ಹೆಸರೇ ಬೇಕು. ಸರ್ಕಾರಿ ಟೆಂಡರ್, ಆನ್‌ಲೈನ್ ಮಾರಾಟ, ದೊಡ್ಡ ಗ್ರಾಹಕರಿಗೆ ನೇರ ಪೂರೈಕೆ ಇವನ್ನು ಕಂಪನಿ ಸಾಮಾನ್ಯವಾಗಿ ತನಗೇ ಉಳಿಸಿಕೊಳ್ಳುತ್ತದೆ. ಹಾಗೆ ಉಳಿಸಿಕೊಳ್ಳುವುದಾದರೆ ಆ ಮಾರಾಟ ವಿತರಕರ ಟಾರ್ಗೆಟ್‌ನಲ್ಲಿ ಎಣಿಕೆಯಾಗಬೇಕು, ಇಲ್ಲವೇ ಟಾರ್ಗೆಟ್ಟೇ ಅಷ್ಟು ಇಳಿಯಬೇಕು. ಪಕ್ಕದ ಬೆಳಗಾವಿಯ ವಿತರಕರು ಕಡಿಮೆ ದರಕ್ಕೆ ಗದಗಕ್ಕೆ ಮಾಲು ನುಗ್ಗಿಸುವುದೂ ಉಂಟು. ಅದನ್ನು ಹಿಡಿಯಲು ಪಂಪಿನ ಸೀರಿಯಲ್ ನಂಬರ್ ಸಾಕು: ಯಾವ ನಂಬರ್ ಯಾರಿಗೆ ಹೋಯಿತು ಎಂಬುದು ಕಂಪನಿಯ ಪುಸ್ತಕದಲ್ಲಿರುತ್ತದೆ. ಕೇಳಿದಾಗ ಆ ಮಾಹಿತಿ ಕೊಡುವ ಷರತ್ತು ಒಪ್ಪಂದದಲ್ಲಿಲ್ಲದಿದ್ದರೆ ಏಕೈಕ ಹಕ್ಕು ಕಾಗದದಲ್ಲೇ ಉಳಿಯುತ್ತದೆ. ಪ್ರದೇಶ ಹಂಚುವ ಒಪ್ಪಂದ ಭಾರತದಲ್ಲಿ ತನ್ನಷ್ಟಕ್ಕೆ ಕಾನೂನುಬಾಹಿರವಲ್ಲ. 2002ರ ಸ್ಪರ್ಧಾ ಕಾಯ್ದೆ ಅದರಿಂದ ಮಾರುಕಟ್ಟೆಯ ಸ್ಪರ್ಧೆಗೆ ಗಣನೀಯ ಹಾನಿಯಾಗುತ್ತದೆಯೇ ಎಂದು ನೋಡುತ್ತದೆ.

ಟಾರ್ಗೆಟ್ ತಪ್ಪಿದರೆ ಏನು ಎಂಬಲ್ಲಿ ವಿತರಕರು ಅತ್ಯಂತ ಗಟ್ಟಿಯಾಗಿ ನಿಲ್ಲಬೇಕು. ಕಂಪನಿಯ ಕರಡಿನಲ್ಲಿ ಒಪ್ಪಂದವೇ ರದ್ದು, ಡೆಪಾಸಿಟ್ ಮುಟ್ಟುಗೋಲು ಎಂದಿರಬಹುದು. ನ್ಯಾಯವಾದ ಏರ್ಪಾಡು ಹಂತಹಂತದ್ದು: ಗುರಿಯ ಶೇಕಡ 80 ಮುಟ್ಟಿದರೆ ಹಕ್ಕು ಹಾಗೇ ಉಳಿಯುವುದು, ಅದಕ್ಕಿಂತ ಕಡಿಮೆಯಾದರೆ ಸರಿಪಡಿಸಿಕೊಳ್ಳಲು ಆರು ತಿಂಗಳು, ಆಗಲೂ ಆಗದಿದ್ದರೆ ಏಕೈಕ ಹಕ್ಕು ಹೋಗಿ ವಿತರಣೆ ಮಾತ್ರ ಮುಂದುವರಿಯುವುದು. 1872ರ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ, ಒಪ್ಪಂದದಲ್ಲಿ ಎಷ್ಟೇ ದಂಡ ಬರೆದಿದ್ದರೂ ಆ ಮಿತಿಯೊಳಗೆ ನ್ಯಾಯಯುತ ಪರಿಹಾರವಷ್ಟೇ ಸಲ್ಲುತ್ತದೆ. ಆದರೆ ಡೆಪಾಸಿಟ್ ಕಂಪನಿಯ ಕೈಯಲ್ಲೇ ಇರುವುದರಿಂದ ಕೋರ್ಟಿಗೆ ಅಲೆಯಬೇಕಾದವರು ವಿತರಕರೇ.

ನೋಟಿಸ್ ಅವಧಿಯನ್ನು ಹಲವರು ಓದದೆ ಸಹಿ ಮಾಡುತ್ತಾರೆ. ಅಮೃತಸರದ ಗ್ಯಾಸ್ ವಿತರಕರೊಬ್ಬರ ಪ್ರಕರಣದಲ್ಲಿ 1991ರಲ್ಲಿ ಸುಪ್ರೀಂ ಕೋರ್ಟ್, ಒಪ್ಪಂದವನ್ನು 30 ದಿನದ ನೋಟಿಸಿನಲ್ಲಿ ಮುಗಿಸಲು ಅವಕಾಶವಿದ್ದುದರಿಂದ, ರದ್ದತಿ ತಪ್ಪಾಗಿದ್ದರೂ ಆ 30 ದಿನದ ಗಳಿಕೆಯಷ್ಟೇ ಪರಿಹಾರ ಎಂದಿತು. ಮೂರು ವರ್ಷದ ಟಾರ್ಗೆಟ್ ಒಪ್ಪಿಕೊಂಡವರ ಒಪ್ಪಂದದಲ್ಲೂ ಇಂಥ ಕಲಮು ಇರಬಹುದು. ಆದ್ದರಿಂದ ಟಾರ್ಗೆಟ್ ಮುಟ್ಟುತ್ತಿರುವವರೆಗೆ ಕಾರಣವಿಲ್ಲದೆ ರದ್ದು ಮಾಡುವಂತಿಲ್ಲ ಎಂದು ಸೇರಿಸಬೇಕು. ಮುಗಿದಾಗ ಗೋದಾಮಿನಲ್ಲಿ ಉಳಿದ, ಪೆಟ್ಟಿಗೆ ಬಿಚ್ಚದ ಮಾಲನ್ನು ಕಂಪನಿ ಬಿಲ್ಲಿನ ದರಕ್ಕೆ ಎಷ್ಟು ದಿನದೊಳಗೆ ಹಿಂದೆ ಪಡೆಯುತ್ತದೆ, ಬಾಕಿಯಿರುವ ಸ್ಕೀಮ್ ಹಣದ ಕ್ರೆಡಿಟ್ ನೋಟ್ ಯಾವಾಗ ಬರುತ್ತದೆ ಎಂಬ ಎರಡು ದಿನಾಂಕಗಳನ್ನೂ ಸಹಿಗೆ ಮೊದಲೇ ಬರೆಸಿಕೊಳ್ಳಬೇಕು.