ಶ್ರೇಢಿಯ ಮೊತ್ತದಲ್ಲಿ ಒಂದು ಪದ ಬಿಟ್ಟುಹೋದರೆ

ಸಮಾಂತರ ಶ್ರೇಢಿಯ ಮೊತ್ತ ಕಂಡುಹಿಡಿಯುವಾಗ ಆಗುವ ತಪ್ಪುಗಳಲ್ಲಿ ತೀರ ಸಾಮಾನ್ಯವಾದದ್ದು ಪದಗಳ ಎಣಿಕೆಯಲ್ಲಿ ಒಂದು ಕಡಿಮೆಯಾಗುವುದು. ಸೂತ್ರ ಸರಿಯಾಗಿರುತ್ತದೆ, ಗುಣಾಕಾರವೂ ಸರಿಯಾಗಿರುತ್ತದೆ, ಆದರೂ ಉತ್ತರ ತಪ್ಪಾಗುತ್ತದೆ. ಕೊನೆಯ ಪದದಿಂದ ಮೊದಲ ಪದವನ್ನು ಕಳೆದು ಸಾಮಾನ್ಯ ವ್ಯತ್ಯಾಸದಿಂದ ಭಾಗಿಸಿದಾಗ ಸಿಗುವುದು ಪದಗಳ ಸಂಖ್ಯೆಯಲ್ಲ, ಪದಗಳ ನಡುವಿನ ಅಂತರಗಳ ಸಂಖ್ಯೆ. ಕೈಗೆ ಐದು ಬೆರಳಿದ್ದರೂ ಬೆರಳಸಂದುಗಳು ನಾಲ್ಕೇ. ಆದ್ದರಿಂದ ಭಾಗಿಸಿ ಬಂದ ಸಂಖ್ಯೆಗೆ ಒಂದನ್ನು ಕೂಡಿಸಲೇಬೇಕು.

ಮೂರಂಕಿಯ ಸಂಖ್ಯೆಗಳಲ್ಲಿ 7ರ ಅಪವರ್ತ್ಯಗಳೆಲ್ಲವನ್ನೂ ಕೂಡಿಸಬೇಕೆಂದುಕೊಳ್ಳೋಣ. ಮೊದಲನೆಯದು 105, ಕೊನೆಯದು 994, ಸಾಮಾನ್ಯ ವ್ಯತ್ಯಾಸ 7. ವ್ಯತ್ಯಾಸ 889ನ್ನು 7ರಿಂದ ಭಾಗಿಸಿದರೆ 127. ಒಂದು ಕೂಡಿಸಿದರೆ ಪದಗಳು 128. ಮೊದಲ ಮತ್ತು ಕೊನೆಯ ಪದಗಳ ಮೊತ್ತ 1099. ಅದನ್ನು ಪದಗಳ ಸಂಖ್ಯೆಯ ಅರ್ಧದಿಂದ, ಅಂದರೆ 64ರಿಂದ ಗುಣಿಸಿದರೆ 70,336. ಇದು ಸರಿಯುತ್ತರ.

ಒಂದನ್ನು ಕೂಡಿಸಲು ಮರೆತು 127 ಪದಗಳೆಂದೇ ಹಿಡಿದರೆ ಇದೇ ಸೂತ್ರ 69,786.5 ಎನ್ನುತ್ತದೆ. ಪೂರ್ಣಾಂಕಗಳನ್ನು ಕೂಡಿದಾಗ ಅರ್ಧ ಬರಲು ಸಾಧ್ಯವಿಲ್ಲವಾದ್ದರಿಂದ ತಪ್ಪು ತಾನಾಗಿಯೇ ಬಯಲಾಗುತ್ತದೆ. ಆದರೆ ಈ ಸುಳಿವು ಎಲ್ಲ ಲೆಕ್ಕಗಳಲ್ಲೂ ಸಿಗುವುದಿಲ್ಲ. ಮೊದಲ ಮತ್ತು ಕೊನೆಯ ಪದಗಳ ಮೊತ್ತ ಸಮಸಂಖ್ಯೆಯಾಗಿದ್ದರೆ ತಪ್ಪುತ್ತರವೂ ಪೂರ್ಣಾಂಕವಾಗಿಯೇ ಬಂದು ಕಣ್ತಪ್ಪಿಸುತ್ತದೆ.

ಅಂಥಲ್ಲಿ ನೆರವಾಗುವುದು ಎರಡನೆಯ ಸೂತ್ರ. ಇದರಲ್ಲಿ ಕೊನೆಯ ಪದ ಬೇಕಿಲ್ಲ. ಮೊದಲ ಪದ, ಸಾಮಾನ್ಯ ವ್ಯತ್ಯಾಸ, ಪದಗಳ ಸಂಖ್ಯೆ ಸಾಕು:

S = n/2 × [2a + (n − 1)d]

ಇಲ್ಲಿ n ಜಾಗದಲ್ಲಿ 127 ಇಟ್ಟರೆ 69,342 ಬರುತ್ತದೆ. ಒಂದೇ ಲೆಕ್ಕಕ್ಕೆ ಎರಡು ಸೂತ್ರಗಳು ಎರಡು ಉತ್ತರ ಕೊಟ್ಟಂತಾಯಿತು. 128 ಇಟ್ಟರೆ ಎರಡೂ 70,336ಕ್ಕೇ ಬಂದು ನಿಲ್ಲುತ್ತವೆ. ಆರ್ಯಭಟ ತನ್ನ 'ಆರ್ಯಭಟೀಯ'ದ ಗಣಿತಪಾದದಲ್ಲಿ ಈ ಎರಡು ಬಗೆಯ ವಿಧಾನಗಳನ್ನೂ ಒಂದೇ ಶ್ಲೋಕದಲ್ಲಿ ಹೇಳಿದ್ದಾನೆ.

ಎಷ್ಟು ಕಡಿಮೆಯಾಗಿದೆ ಎಂಬುದೂ ತಪ್ಪಿನ ಗುರುತೇ. ಎರಡನೆಯ ಸೂತ್ರದಲ್ಲಿ ಕಡಿಮೆಯಾದದ್ದು 994, ಅಂದರೆ ಸರಿಯಾಗಿ ಕೊನೆಯ ಪದದಷ್ಟು. ಆ ಪದವೇ ಮೊತ್ತದಿಂದ ಹೊರಗುಳಿದಿದೆ. ಮೊದಲ ಸೂತ್ರದಲ್ಲಿ ಕಡಿಮೆಯಾದದ್ದು 549.5, ಅಂದರೆ 105 ಮತ್ತು 994ರ ಸರಾಸರಿ. ಪುಸ್ತಕದ ಹಿಂದಿನ ಉತ್ತರಕ್ಕೂ ತನ್ನ ಉತ್ತರಕ್ಕೂ ಇಷ್ಟೇ ವ್ಯತ್ಯಾಸ ಕಂಡರೆ ವಿದ್ಯಾರ್ಥಿ ಗುಣಾಕಾರವನ್ನು ಮತ್ತೆ ಮಾಡುವ ಬದಲು ಎಣಿಕೆಯನ್ನು ನೋಡಬೇಕು.

ಈ ಪರೀಕ್ಷೆಗೆ ಒಂದು ಷರತ್ತಿದೆ. ಕೊನೆಯ ಪದವನ್ನು ಪ್ರಶ್ನೆಯಿಂದಲೇ ತೆಗೆದುಕೊಳ್ಳಬೇಕು. ತಪ್ಪಾದ 127ನ್ನೇ ಬಳಸಿ ಕೊನೆಯ ಪದ 987 ಎಂದು ಲೆಕ್ಕಹಾಕಿಕೊಂಡರೆ, ಎರಡು ಸೂತ್ರಗಳೂ ಅದೇ ತಪ್ಪುತ್ತರಕ್ಕೆ ಒಪ್ಪಿಬಿಡುತ್ತವೆ.

ಗುಣೋತ್ತರ ಶ್ರೇಢಿಯಲ್ಲಿ ತಪ್ಪು ನುಸುಳುವುದು ಘಾತದಲ್ಲಿ. 3 + 6 + 12 + … + 1536 ಎಂಬ ಮೊತ್ತವನ್ನು ನೋಡಿ. 1536ನ್ನು 3ರಿಂದ ಭಾಗಿಸಿದರೆ 512, ಅದು 2ರ ಒಂಬತ್ತನೆಯ ಘಾತ. ಮೊದಲ ಪದದಲ್ಲಿ 2ರ ಘಾತ ಸೊನ್ನೆಯಾದ್ದರಿಂದ, ಸೊನ್ನೆಯಿಂದ ಒಂಬತ್ತರವರೆಗೆ ಒಟ್ಟು ಹತ್ತು ಪದಗಳು. ಮೊತ್ತ 3 × (1024 − 1), ಅಂದರೆ 3069. ಒಂಬತ್ತೇ ಪದಗಳೆಂದು ತಿಳಿದರೆ 3 × (512 − 1), ಅಂದರೆ 1533. ಎಲ್ಲ ಪದಗಳೂ ಧನಸಂಖ್ಯೆಗಳಾಗಿರುವಾಗ ಮೊತ್ತವು ಕೊನೆಯ ಪದವೊಂದಕ್ಕಿಂತಲೇ ಕಡಿಮೆಯಾಗಲಾರದು. 1533 ಎಂಬುದು 1536ಕ್ಕಿಂತ ಚಿಕ್ಕದು. ಇಷ್ಟು ನೋಡಿದರೆ ಸಾಕು, ಉತ್ತರ ತಪ್ಪೆಂದು ತಿಳಿಯುತ್ತದೆ.

ಸಾಮಾನ್ಯ ಅನುಪಾತ 2 ಅಥವಾ ಅದಕ್ಕಿಂತ ಹೆಚ್ಚಿದ್ದು ಪದಗಳು ಧನವಾಗಿದ್ದರೆ ಈ ಗುರುತು ಎಂದೂ ತಪ್ಪದು. ಅನುಪಾತ ಅದಕ್ಕಿಂತ ಕಡಿಮೆಯಿದ್ದರೆ ಇದನ್ನು ನಂಬುವಂತಿಲ್ಲ. 16, 24, 36, 54, 81 ಎಂಬ ಶ್ರೇಢಿಯ ಅನುಪಾತ 1.5, ಮೊತ್ತ 211. ನಾಲ್ಕೇ ಪದಗಳೆಂದು ಎಣಿಸಿದರೆ ಬರುವ 130 ಕೊನೆಯ ಪದಕ್ಕಿಂತ ದೊಡ್ಡದೇ ಆದ್ದರಿಂದ ಅನುಮಾನ ಹುಟ್ಟಿಸುವುದಿಲ್ಲ. ಇಳಿಯುವ ಶ್ರೇಢಿಯಲ್ಲಂತೂ ಬಿಟ್ಟುಹೋಗುವುದು ಎಲ್ಲಕ್ಕಿಂತ ಚಿಕ್ಕ ಪದ. 64, 32, 16 ಎಂದು 1ರವರೆಗಿನ ಏಳು ಪದಗಳ ಮೊತ್ತ 127; ಆರೇ ಎಂದುಕೊಂಡರೆ 126. ಗಾತ್ರ ನೋಡಿ ಇದನ್ನು ಹಿಡಿಯಲಾಗದು.

ಇಂಥ ಕಡೆ ಪದಗಳ ಎಣಿಕೆಯೇ ಬೇಡದ ಸೂತ್ರವನ್ನು ಬಳಸಬಹುದು. ಕೊನೆಯ ಪದವನ್ನು ಅನುಪಾತದಿಂದ ಗುಣಿಸಿ, ಮೊದಲ ಪದವನ್ನು ಕಳೆದು, ಅನುಪಾತದಲ್ಲಿ ಒಂದು ಕಳೆದು ಬಂದದ್ದರಿಂದ ಭಾಗಿಸಬೇಕು:

S = (lr − a) / (r − 1)

81ನ್ನು 1.5ರಿಂದ ಗುಣಿಸಿದರೆ 121.5, ಅದರಲ್ಲಿ 16 ಕಳೆದರೆ 105.5, 0.5ರಿಂದ ಭಾಗಿಸಿದರೆ 211. ಎಣಿಕೆಯನ್ನು ಬಳಸಿ ಪಡೆದ ಉತ್ತರ ಇದಕ್ಕೆ ಹೊಂದದಿದ್ದರೆ, ಮೊದಲು ತಿದ್ದಬೇಕಾದದ್ದು ಪದಗಳ ಸಂಖ್ಯೆಯನ್ನು.